ಗಂಡನ ಗೆಳೆಯರಿಗೆ ನನ್ನನ್ನು ಕಂಡರೆ ಆಗಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 29 ವರ್ಷ, ಗಂಡನಿಗೆ 31. ಪ್ರೀತಿಸಿ ಮದುವೆಯಾಗಿ ಎರಡು ವರ್ಷ. ಬೆಂಗಳೂರಿನಲ್ಲಿ ಇಬ್ಬರೂ ಕೆಲಸದಲ್ಲಿದ್ದೇವೆ. ಅವನಿಗೆ ದಾವಣಗೆರೆಯ ಇಂಜಿನಿಯರಿಂಗ್ ದಿನಗಳಿಂದ ನಾಲ್ಕು ಜನ ಗೆಳೆಯರು. ಇಬ್ಬರಿಗೆ ಇನ್ನೂ ಮದುವೆಯಾಗಿಲ್ಲ. ಶುಕ್ರವಾರ ಬಂತೆಂದರೆ ಕರೆ ಬರುತ್ತದೆ, ಈಗ ವಾರದ ಮಧ್ಯೆಯೂ ಒಂದು ದಿನ. ಹನ್ನೊಂದಕ್ಕೆ ಬರ್ತೀನಿ ಅಂತ ಹೋದವನು ಬರುವುದು ಒಂದೂವರೆಗೆ. ನಾನು ಫೋನ್ ಮಾಡಿದರೆ ಹಿಂದೆ ನಗು ಕೇಳಿಸುತ್ತದೆ, 'ಹೈಕಮಾಂಡ್ ಕಾಲ್ ಬಂತು' ಅಂತಾರೆ. ಅವರಲ್ಲಿ ಒಬ್ಬರ ಗೃಹಪ್ರವೇಶಕ್ಕೆ ಹೋದಾಗ ನನ್ನನ್ನು ಯಾರೂ ಸರಿಯಾಗಿ ಮಾತಾಡಿಸಲಿಲ್ಲ. ಅವನನ್ನು ಕೇಳಿದರೆ 'ಅವರು ಬಿಡಲ್ಲ, ನಾನೇನು ಮಾಡಲಿ' ಅಂತಾನೆ. 'ಅವರು ಬೇಕಾ, ನಾನು ಬೇಕಾ ಅಂತ ಕೇಳಿಬಿಡು' ಅನ್ನುತ್ತಾಳೆ ನನ್ನ ಅಕ್ಕ. ನನಗೆ ಅದು ಇಷ್ಟವಿಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಆದರೆ ಅದು ಗೆಳೆಯರಿಂದ ಶುರುವಾಗುವುದಿಲ್ಲ, ನಿಮ್ಮ ಗಂಡ ಹೇಳುವ 'ಅವರು ಬಿಡಲ್ಲ' ಎಂಬ ಮಾತಿನಿಂದ ಶುರುವಾಗುತ್ತದೆ.

ಈ ಮಾತನ್ನು ಅವರು ಮನೆಯಲ್ಲಿ ಹೇಳುತ್ತಾರೆ. ಹಾಗಾದರೆ ಗೆಳೆಯರ ಮಧ್ಯೆ ಕೂತಾಗ, ಎದ್ದು ಹೊರಡಬೇಕು ಅನ್ನಿಸಿದಾಗ, ಅಲ್ಲಿ ಏನು ಹೇಳುತ್ತಾರೆ? ದಂಪತಿಗಳ ಆಪ್ತಸಮಾಲೋಚನೆ ಮಾಡುವ ನಾನು ಇಂಥ ತಕರಾರು ಬಂದಾಗಲೆಲ್ಲ ಮೊದಲು ಕೇಳುವುದು ಇದನ್ನೇ. ಹೆಚ್ಚಿನ ಸಲ ಸಿಗುವ ಉತ್ತರ: 'ಹೆಂಡ್ತಿ ಬಿಡಲ್ಲ ಮಗಾ, ಹೊರಡ್ತೀನಿ.'

ಒಂದು ಜೋಡಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹೆಂಡತಿ ಶಾಲೆಯಲ್ಲಿ ಟೀಚರ್, ಗಂಡ ಒಂದು ಕಂಪನಿಯ ಸೇಲ್ಸ್ ವಿಭಾಗದಲ್ಲಿ. ಗಂಡನ ಹಾಸನದ ಗೆಳೆಯರು ತನ್ನನ್ನು ಶತ್ರುವಿನಂತೆ ನೋಡುತ್ತಾರೆ ಅನ್ನುವುದು ಹೆಂಡತಿಯ ಅಳಲು. 'ಇವಳೇ ಏನೇನೋ ಕಲ್ಪಿಸಿಕೊಳ್ತಾಳೆ ಮೇಡಂ' ಅನ್ನುವುದು ಗಂಡನ ವಾದ. ಹಿಂದಿನ ವಾರ ಗೆಳೆಯರಿಗೆ ಬರಲ್ಲ ಅಂತ ಹೇಳಿದ್ದು ಹೇಗೆ ಅಂತ ಕೇಳಿದೆ. 'ನಾರ್ಮಲ್ ಆಗಿ ಹೇಳಿದೆ' ಅಂದರು. ಅಭ್ಯಂತರ ಇಲ್ಲದಿದ್ದರೆ ಆ ಮೆಸೇಜನ್ನು ಓದಿ ಅಂದೆ. ಅವರು ಫೋನ್ ತೆಗೆದರು, ಗ್ರೂಪ್ ಹುಡುಕಿದರು, ಓದಲು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಸಣ್ಣ ದನಿಯಲ್ಲಿ ಪೂರ್ತಿ ಓದಿದರು: 'ಇವತ್ತು ಆಗಲ್ಲ ಕಣ್ರೋ, ಹೋಮ್ ಮಿನಿಸ್ಟರ್ ಮೂಡ್ ಸರಿ ಇಲ್ಲ.' ಹೆಂಡತಿ ಕೇಳಿದ್ದು ಒಂದೇ ಮಾತು. 'ಆವತ್ತು ನಿಮಗೆ ಜ್ವರ ಇತ್ತಲ್ಲಾ?'

ನಿಜವಾಗಿಯೂ ಅವರಿಗೆ ಆವತ್ತು ಜ್ವರ ಇತ್ತು. ಮೈ ಸರಿ ಇಲ್ಲ ಅಂದರೆ ಗೆಳೆಯರು 'ಒಂದು ಪೆಗ್ ಹಾಕಿದರೆ ಸರಿಹೋಗುತ್ತೆ ಬಾರೋ' ಅಂತ ಎಳೆಯುತ್ತಾರೆ. ಹೆಂಡತಿ ಹೆಸರು ಹೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಹಾಗಾಗಿ ಹೆಂಡತಿ ಹೆಸರು ಹೇಳುವುದು ಸಲೀಸು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಎರಡು ವರ್ಷದಲ್ಲಿ ಆ ಗ್ರೂಪಿಗೆ ಈ ಹೆಂಡತಿಯ ಬಗ್ಗೆ ತಲುಪಿದ ಸುದ್ದಿಯೆಲ್ಲ ಇಂಥದ್ದೇ. ಮೂಡ್ ಸರಿ ಇಲ್ಲ, ಸಿಟ್ಟಾಗಿದ್ದಾಳೆ, ಬಿಡ್ತಾ ಇಲ್ಲ, ಫೋನ್ ಮೇಲೆ ಫೋನ್. ಅವರು ಆಕೆಯನ್ನು ನೇರವಾಗಿ ಕಂಡದ್ದು ಮೂರು ಮತ್ತೊಂದು ಸಲ. ಹಾಗಿದ್ದ ಮೇಲೆ ಅವರಿಗೆ ಆಕೆಯ ಮೇಲೆ ಪ್ರೀತಿ ಎಲ್ಲಿಂದ ಬರಬೇಕು?

ಇನ್ನು ಮನೆಯ ಕಡೆ ನೋಡಿ. ಹನ್ನೊಂದಕ್ಕೆ ಏಳಬೇಕಿದ್ದ ಗಂಡ ಏಳಲಿಲ್ಲ, ಯಾಕೆಂದರೆ ಅವರಿಗೇ ಕೂರಬೇಕು ಅನ್ನಿಸಿತ್ತು. ಮನೆಗೆ ಬಂದು ಹಾಗೆ ಹೇಳಿದರೆ ಜಗಳ. 'ಅವರು ಬಿಡಲಿಲ್ಲ' ಅಂದರೆ ಸಿಟ್ಟು ಅವರ ಕಡೆ ತಿರುಗುತ್ತದೆ. ಹೀಗೆ ಎರಡೂ ಕಡೆ ಒಳ್ಳೆಯವರಾಗಿ ಉಳಿಯುವುದು ನಡುವೆ ನಿಂತವರು ಮಾತ್ರ. ಪರಸ್ಪರ ಸರಿಯಾಗಿ ಪರಿಚಯವೇ ಇಲ್ಲದ ಹೆಂಡತಿ ಮತ್ತು ಗೆಳೆಯರು ಒಬ್ಬರಿಗೊಬ್ಬರು ಕೆಟ್ಟವರಾಗುತ್ತಾರೆ. ಕುಟುಂಬ ಚಿಕಿತ್ಸೆಯಲ್ಲಿ ಇದನ್ನು ತ್ರಿಕೋನ ಅನ್ನುತ್ತೇವೆ. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಇದನ್ನು ವಿವರವಾಗಿ ಬರೆದಿದ್ದಾರೆ. ಇಬ್ಬರ ನಡುವಿನ ಕಸಿವಿಸಿ ತಡೆಯಲಾರದಷ್ಟಾದಾಗ ಮೂರನೆಯವರನ್ನು ಎಳೆದು ತಂದು ಅವರ ಮೇಲೆ ಹಾಕುವುದು. ಅತ್ತೆ ಸೊಸೆ ಜಗಳದಲ್ಲಿ ನಾವೆಲ್ಲ ನೋಡಿರುವುದೂ ಇದನ್ನೇ ಅಲ್ವಾ? 'ಅಮ್ಮ ಒಪ್ಪಲ್ಲ' ಅಂತ ಇಲ್ಲಿ, 'ಅವಳು ಕೇಳಲ್ಲ' ಅಂತ ಅಲ್ಲಿ.

ನಿಮ್ಮ ಮನೆಯಲ್ಲೂ ಹೀಗೇ ಆಗುತ್ತಿದೆ ಅಂತ ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಆದರೆ 'ಹೈಕಮಾಂಡ್' ಅನ್ನುವ ಹೆಸರು ಗೆಳೆಯರಿಗೆ ತಾನಾಗಿ ಹೊಳೆದದ್ದಲ್ಲ ಅನ್ನುವ ಗುಮಾನಿ ನನಗಿದೆ. ಪತ್ತೆ ಮಾಡಲು ಅವರ ಫೋನನ್ನು ಕದ್ದು ನೋಡಬೇಡಿ. ಜಗಳ ಇಲ್ಲದ ಹೊತ್ತಲ್ಲಿ ನೇರವಾಗಿ ಕೇಳಿ: 'ನೀನು ಹೊರಡಬೇಕಾದಾಗ ಅಲ್ಲಿ ಏನಂತ ಹೇಳ್ತೀಯ?' ಉತ್ತರ ಬರುವ ಮೊದಲು ಅವರ ಮುಖದಲ್ಲಿ ಒಂದು ನಗು ಬಂದರೆ ವಿಷಯ ಅರ್ಥವಾಗುತ್ತದೆ.

ಈಗ ನಿಮ್ಮ ಫೋನಿನ ವಿಷಯ. ರಾತ್ರಿ ಹನ್ನೊಂದೂಕಾಲಿಗೆ ನೀವು ಫೋನ್ ಮಾಡುತ್ತೀರಿ. ಟೇಬಲ್ ಮೇಲೆ ಮೊಬೈಲ್ ಮಿಣುಕುತ್ತದೆ, ನಿಮ್ಮ ಹೆಸರು ಎಲ್ಲರಿಗೂ ಕಾಣುತ್ತದೆ, ಒಬ್ಬ 'ಬಂತು' ಅನ್ನುತ್ತಾನೆ, ಉಳಿದವರು ನಗುತ್ತಾರೆ. ಆ ಗಳಿಗೆಗೆ ಮುಂಚೆ ಎದ್ದು ಹೊರಟಿದ್ದರೆ ನಿಮ್ಮ ಗಂಡ ಸುಮ್ನೆ ಮನೆಗೆ ಹೊರಟವರು. ಈಗ ಎದ್ದರೆ ಹೆಂಡತಿ ಕರೆದಳು ಅಂತ ಎದ್ದವರು. ಆ ಹೆಸರು ಬೇಡ ಅಂತಲೇ ಇನ್ನೊಂದು ಅರ್ಧ ಗಂಟೆ ಕೂರುತ್ತಾರೆ. ನೀವು ಮತ್ತೆ ಫೋನ್ ಮಾಡುತ್ತೀರಿ, ಅವರು ಸೈಲೆಂಟ್‌ಗೆ ಹಾಕುತ್ತಾರೆ. ಒಬ್ಬರು ಕೇಳಿದಷ್ಟೂ ಇನ್ನೊಬ್ಬರು ಸರಿದುಕೊಳ್ಳುವುದು, ಸರಿದುಕೊಂಡಷ್ಟೂ ಮೊದಲನೆಯವರು ಜೋರಾಗುವುದು, ದಾಂಪತ್ಯದ ಅಧ್ಯಯನಗಳಲ್ಲಿ ಪದೇಪದೇ ಕಾಣಿಸುವ ಚಕ್ರ. ಇದರಲ್ಲಿ ಮೊದಲು ಯಾರ ತಪ್ಪು ಅಂತ ಹುಡುಕಿದರೆ ಎಂದೂ ಸಿಗುವುದಿಲ್ಲ. ನಿಮ್ಮ ಆತಂಕ ಸಹಜ, ಫೋನ್ ಮಾಡಿದ್ದು ಅಪರಾಧವಲ್ಲ. ಅದು ಕೆಲಸಕ್ಕೆ ಬರುತ್ತಿಲ್ಲ ಅಷ್ಟೇ.

ತಡವಾಗುವುದಕ್ಕೆ ಇನ್ನೊಂದು ತೀರಾ ಸಾದಾ ಕಾರಣವೂ ಇರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಅವರು ಹೋಗುವುದು ಯಾರ ಗಾಡಿಯಲ್ಲಿ? ಗೆಳೆಯನ ಕಾರಿನಲ್ಲಿ ಹೋದವರು ಆ ಗೆಳೆಯ ಎದ್ದಾಗಲೇ ಏಳಬೇಕು. ಆ ಗೆಳೆಯ ಮನೆಯಲ್ಲಿ ಯಾರೂ ಕಾಯದ ಬ್ಯಾಚುಲರ್ ಆಗಿದ್ದರೆ ಕೇಳುವುದೇ ಬೇಡ. ಬೆಂಗಳೂರಿನಲ್ಲಿ ಬಾರ್‌ಗಳು ಒಂದು ಗಂಟೆಯವರೆಗೂ ತೆರೆದಿರುತ್ತವೆ. ಎಲ್ಲರೂ ಆಫೀಸು, ಟ್ರಾಫಿಕ್ಕು ಮುಗಿಸಿ ಸೇರುವುದೇ ಒಂಬತ್ತೂವರೆಗೆ. ಹತ್ತಕ್ಕೆ ಸ್ಟಾರ್ಟರ್ಸ್ ಬರುತ್ತದೆ, ಹನ್ನೊಂದೂವರೆಗೆ ಊಟ, ಹನ್ನೆರಡೂವರೆಗೆ ಬಿಲ್. ಒಂಬತ್ತೂವರೆಗೆ ಶುರುವಾದ ಕೂಟದಿಂದ ಹನ್ನೊಂದಕ್ಕೆ ಬರ್ತೀನಿ ಅನ್ನುವ ಮಾತು ಹೇಳುವಾಗಲೇ ಸುಳ್ಳಾಗಿರುತ್ತದೆ. ಬೇಕಂತ ಹೇಳಿದ ಸುಳ್ಳಲ್ಲ, ಆ ಕ್ಷಣಕ್ಕೆ ನಿಮ್ಮನ್ನು ಸಮಾಧಾನ ಮಾಡಲು ಹೇಳಿದ ಸಮಯ. ಅದನ್ನು ನೀವು ಮಾತು ಕೊಟ್ಟ ಹಾಗೆ ತೆಗೆದುಕೊಳ್ಳುತ್ತೀರಿ. ಹನ್ನೊಂದು ಹತ್ತಕ್ಕೆ ನಂಬಿಕೆ ಮುರಿಯಲು ಶುರುವಾಗುತ್ತದೆ.

ಜನ ಹೇಳುವ ಕೆಲವು ಮಾತುಗಳನ್ನು ಇಲ್ಲೇ ನೋಡಿಬಿಡೋಣ. 'ಮನೇಲಿ ಖುಷಿ ಇದ್ದಿದ್ದರೆ ಗಂಡ ಹೊರಗೆ ಯಾಕೆ ಹೋಗ್ತಾನೆ' ಅಂತ ನಿಮಗೂ ಯಾರಾದರೂ ಹೇಳಿರಬಹುದು. ಇದು ನಿಜವಲ್ಲ. ಹತ್ತು ವರ್ಷ ಒಂದೇ ರೂಮು, ಒಂದೇ ತಟ್ಟೆ ಅಂತ ಬದುಕಿದವರ ಜೊತೆಗಿನ ನಂಟೇ ಬೇರೆ, ಹೆಂಡತಿಯ ಜೊತೆಗಿನ ನಂಟೇ ಬೇರೆ. ಒಂದು ಇದ್ದರೆ ಇನ್ನೊಂದು ಬೇಡ ಅನ್ನುವಂತಿಲ್ಲ. 'ಮದುವೆಯಾದ ಮೇಲೆ ಫ್ರೆಂಡ್ಸ್ ಎಲ್ಲ ಬಿಡಬೇಕು' ಅನ್ನುವುದೂ ಅಷ್ಟೇ. ಗೆಳೆಯರೇ ಇಲ್ಲದ ಗಂಡ ತನ್ನ ಬೇಜಾರು, ಆಫೀಸಿನ ಸಿಟ್ಟು, ಊರಿನ ಚಿಂತೆ ಎಲ್ಲವನ್ನೂ ಒಬ್ಬಳೇ ಹೆಂಡತಿಯ ಮೇಲೆ ಹಾಕುತ್ತಾನೆ. ಅದು ಎಷ್ಟು ಭಾರ ಅನ್ನುವುದನ್ನು ಅಂಥ ಮನೆಯ ಹೆಂಗಸರನ್ನೇ ಕೇಳಬೇಕು.

ಇನ್ನೊಂದು ಭಯವೂ ಇರುತ್ತದೆ. ಗಂಡನ ಗೆಳೆಯರನ್ನು ಕಂಡರೆ ನನಗಾಗಲ್ಲ, ಅವರಿಗೆ ನನ್ನನ್ನು ಕಂಡರಾಗಲ್ಲ, ಹಾಗಾದರೆ ಈ ಮದುವೆ ಉಳಿಯುತ್ತದಾ? ಅಮೆರಿಕದ ಮಿಷಿಗನ್‌ನಲ್ಲಿ 1986ರಲ್ಲಿ ಮದುವೆಯಾದ 373 ಜೋಡಿಗಳನ್ನು ಹಲವು ವರ್ಷ ಹಿಂಬಾಲಿಸಿದ ಒಂದು ಅಧ್ಯಯನವಿದೆ. ಅದರ 16 ವರ್ಷದ ಮಾಹಿತಿ ಇಟ್ಟುಕೊಂಡು ಗೆಳೆಯರ ವಿಷಯವನ್ನೇ ನೋಡಿದಾಗ, ಗಂಡನ ಗೆಳೆಯರು ಹೆಂಡತಿಗೆ ಇಷ್ಟವಾಗದೆ ಇದ್ದದ್ದಕ್ಕೂ ಮುಂದಿನ ವಿಚ್ಛೇದನಕ್ಕೂ ಸಂಬಂಧ ಸಿಗಲಿಲ್ಲ. ಹೆಂಡತಿಯ ಗೆಳತಿಯರನ್ನು ಗಂಡ ಇಷ್ಟಪಡದೆ ಇದ್ದಾಗ ಸಂಬಂಧ ಸಿಕ್ಕಿತು, ಅದೂ ಬಿಳಿಯರ ಜೋಡಿಗಳಲ್ಲಿ ಮಾತ್ರ. ಆ ದೇಶ ಬೇರೆ, ಅಲ್ಲಿನ ಸಂಸಾರ ಬೇರೆ, ಅದನ್ನು ತಂದು ಬಸವನಗುಡಿಗೆ ಅಂಟಿಸುವುದು ನನಗಿಷ್ಟವಿಲ್ಲ. ಆದರೂ ನಿಮ್ಮ ಭಯಕ್ಕೆ ಅದರಲ್ಲಿ ಆಧಾರ ಸಿಗುವುದಿಲ್ಲ.

ಅವರಿಗೆ ನಿಮ್ಮನ್ನು ಕಂಡರೆ ನಿಜವಾಗಿಯೂ ಆಗುವುದಿಲ್ಲವಾ ಅನ್ನುವುದನ್ನೂ ಒಂದು ಸಲ ಪರೀಕ್ಷಿಸಿ. ಹೊಸಬರ ಜೊತೆ ಮಾತಾಡಿ ಬಂದ ಮೇಲೆ ನಾವು ಅವರಿಗೆ ಎಷ್ಟು ಹಿಡಿಸಿದೆವು ಅನ್ನುವುದನ್ನು ನಾವೇ ಕಮ್ಮಿ ಅಂದಾಜು ಮಾಡುತ್ತೇವೆ ಅಂತ 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿದೆ. ಗೃಹಪ್ರವೇಶದ ದಿನ ನೆನಪಿಸಿಕೊಳ್ಳಿ. ಇನ್ನೊಬ್ಬ ಗೆಳೆಯನ ಹೆಂಡತಿಯನ್ನು ಅವರು ಹೇಗೆ ಮಾತಾಡಿಸಿದರು? ಅವರನ್ನೂ 'ಆರಾಮಾ' ಅಂತ ಒಂದು ಮಾತು ಕೇಳಿ ಹಾಸ್ಟೆಲ್ ಕತೆಗೆ ಮರಳಿದ್ದರೆ, ಅದು ದ್ವೇಷವಲ್ಲ. ಹೆಂಗಸರ ಜೊತೆ ಏನು ಮಾತಾಡಬೇಕು ಅಂತ ಗೊತ್ತಿಲ್ಲದ ಗಂಡಸರ ಗುಂಪು ಅದು, ನಮ್ಮಲ್ಲಿ ಬೇಕಾದಷ್ಟಿವೆ. ಅವರನ್ನು ಆತ್ಮೀಯವಾಗಿ ಮಾತಾಡಿಸಿ ನಿಮ್ಮನ್ನು ಮಾತ್ರ ಬಿಟ್ಟರೆ, ಬೇರೆ ಹೆಂಡತಿಯರನ್ನು ಕರೆದ ಟ್ರಿಪ್ಪಿಗೆ ನಿಮ್ಮನ್ನು ಕರೆಯದಿದ್ದರೆ, ನಿಮ್ಮ ಕೆಲಸವನ್ನೋ ತವರನ್ನೋ ಚುಚ್ಚಿ ಮಾತಾಡಿದರೆ, ಆಗ ನಿಮ್ಮ ಅನಿಸಿಕೆ ಸರಿ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಪರಿಚಯ ಸಾಕು, ಎರಡನೆಯದಕ್ಕೆ ನಿಮ್ಮ ಗಂಡ ಬಾಯಿ ಬಿಡಬೇಕು.

ಅಕ್ಕನ ಸಲಹೆಗೆ ಬರುತ್ತೇನೆ. ಅಕ್ಕ ಹೇಳುವುದು ನಿಮ್ಮ ಮೇಲಿನ ಪ್ರೀತಿಯಿಂದ. ಆದರೆ 'ಅವರು ಬೇಕಾ, ನಾನು ಬೇಕಾ' ಅಂತ ಕೇಳಿದ ಮೇಲೆ ಏನಾಗಬಹುದು ನೋಡಿ. ಅವರು 'ನೀನೇ' ಅನ್ನಬಹುದು, ಬಹಳ ಜನ ಹಾಗೇ ಅನ್ನುತ್ತಾರೆ. ಕೆಲವು ವಾರ ಮನೆಯಲ್ಲೇ ಇರುತ್ತಾರೆ, ಮುಖ ಮಾತ್ರ ಬಿಗಿದಿರುತ್ತದೆ. ಆಮೇಲೆ ಆಫೀಸ್ ಪಾರ್ಟಿ, ಕ್ಲೈಂಟ್ ಕಾಲ್, ಊರಿಂದ ಬಂದ ಮಾವ ಅಂತ ಕಾರಣಗಳು ಶುರುವಾಗುತ್ತವೆ. ನಮ್ಮಿಂದ ಒಂದು ಸ್ವಾತಂತ್ರ್ಯ ಕಸಿದುಕೊಂಡರು ಅನ್ನಿಸಿದಾಗ ಅದರ ಮೇಲಿನ ಆಸೆ ಇನ್ನೂ ಜಾಸ್ತಿಯಾಗುತ್ತದೆ. ಮನೋವಿಜ್ಞಾನಿ ಜಾಕ್ ಬ್ರೆಮ್ 1966ರಲ್ಲೇ ಇದನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು. ನಿಮಗೆ ತಡರಾತ್ರಿಯ ಕೂಟದ ಬದಲು ಸುಳ್ಳು ಹೇಳುವ ಗಂಡ ಸಿಗುತ್ತಾರೆ, ಇದು ಮೊದಲಿನದಕ್ಕಿಂತ ಕಷ್ಟ. ಇನ್ನು ಅವರು ಉತ್ತರವನ್ನೇ ಕೊಡದೆ ಎದ್ದು ಹೋದರೆ? ಆಗ ನೀವು ಬ್ಯಾಗ್ ತುಂಬಬೇಕು, ಇಲ್ಲವೇ ಆಡಿದ ಮಾತು ನುಂಗಬೇಕು. ನುಂಗಿದರೆ ಮುಂದಿನ ಸಲ ನಿಮ್ಮ ಯಾವ ಮಾತಿಗೂ ತೂಕವಿರುವುದಿಲ್ಲ.

ಹಾಗಂತ ಎಲ್ಲವನ್ನೂ ಸಹಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. 'ನೀನು ಹೀಗೆ ಮಾಡದಿದ್ದರೆ ನೋಡು' ಅನ್ನುವುದು ಬೆದರಿಕೆ. 'ನಾನು ಹೀಗೆ ಮಾಡುತ್ತೇನೆ' ಅನ್ನುವುದು ನನ್ನ ಮಿತಿ. 'ಹನ್ನೊಂದೂವರೆ ಮೇಲೆ ನಾನು ಎಚ್ಚರ ಇರಲ್ಲ, ಕೀ ತಗೊಂಡು ಹೋಗು, ಬಂದವನು ಲೈಟ್ ಹಾಕದೆ ಮಲಗು. ಬೆಳಿಗ್ಗೆ ಏಳಕ್ಕೆ ನನ್ನ ಜೊತೆ ತರಕಾರಿಗೆ ಬರುವ ಕೆಲಸ ಮಾತ್ರ ತಪ್ಪಿಸಬೇಡ.' ಇಂಥ ಮಾತಿನಲ್ಲಿ ಅವರ ಆಯ್ಕೆ ಅವರದು, ನಿಮ್ಮ ನಿದ್ದೆ ನಿಮ್ಮದು.

ಹಾಗಾದರೆ ಏನು ಮಾಡಬೇಕು? ಮಾತುಕತೆಯ ಹೊತ್ತು ಬದಲಿಸುವುದರಿಂದ ಶುರು ಮಾಡಿ. ಈಗ ನೀವಿಬ್ಬರೂ ಈ ವಿಷಯ ಮಾತಾಡುವುದು ಎರಡೇ ಹೊತ್ತಿನಲ್ಲಿ. ಶುಕ್ರವಾರ ಸಂಜೆ ಅವರು ಶೂ ಹಾಕುವಾಗ, ಇಲ್ಲವೇ ರಾತ್ರಿ ಒಂದೂವರೆಗೆ ಬಾಗಿಲಲ್ಲಿ. ಎರಡೂ ಕೆಟ್ಟ ಹೊತ್ತು. ಭಾನುವಾರ ತಿಂಡಿ ಆದ ಮೇಲೆ, ಫೋನುಗಳನ್ನು ಪಕ್ಕಕ್ಕಿಟ್ಟು, ಇಪ್ಪತ್ತು ನಿಮಿಷ ಕೂರಿ. ಜಗಳದ ಮೊದಲ ಮೂರು ನಿಮಿಷ ಹೇಗೆ ಶುರುವಾಯಿತು ಅನ್ನುವುದರಿಂದ ಆ ದಾಂಪತ್ಯ ಮುಂದೆ ಉಳಿಯುತ್ತದಾ ಮುರಿಯುತ್ತದಾ ಅಂತ ಬಹಳಮಟ್ಟಿಗೆ ಊಹಿಸಬಹುದು ಅಂತ ಜಾನ್ ಗಾಟ್‌ಮನ್ ಮತ್ತು ಜೊತೆಗಾರರು ಹೊಸ ದಂಪತಿಗಳ ಜೊತೆ ನಡೆಸಿದ ಅಧ್ಯಯನದಲ್ಲಿ ಕಂಡುಕೊಂಡರು. ಹಾಗಾಗಿ 'ನಿನ್ನ ಫ್ರೆಂಡ್ಸ್' ಅಂತ ಶುರು ಮಾಡಬೇಡಿ. ಗೆಳೆಯರನ್ನು ಬೈದರೆ ಅವರ ಪರ ವಾದಿಸುವುದೇ ನಿಮ್ಮ ಗಂಡನ ಕೆಲಸವಾಗುತ್ತದೆ, ನಿಮ್ಮ ಮಾತು ಅಲ್ಲೇ ಉಳಿಯುತ್ತದೆ. ಹೀಗೆ ಹೇಳಬಹುದು: 'ನೀನು ಅವರ ಜೊತೆ ಹೋಗೋದು ನನಗೆ ತೊಂದರೆ ಇಲ್ಲ. ಹನ್ನೊಂದು ಅಂದು ಒಂದೂವರೆ ಆದಾಗ ನನಗೆ ನಿದ್ದೆ ಬರಲ್ಲ, ರಸ್ತೆಯಲ್ಲಿ ಏನಾಯ್ತೋ ಅನ್ನಿಸುತ್ತೆ. ಆಮೇಲೆ ನಿನ್ನ ಮೇಲೆ ಸಿಟ್ಟು ಬರುತ್ತೆ.' ಮೊದಲ ವಾಕ್ಯ ನಿಜವಾಗಿದ್ದರೆ ಮಾತ್ರ ಹೇಳಿ. ತಿಂಗಳಿಗೆ ಎರಡು ಸಲ ಮಾತ್ರ ಪರವಾಗಿಲ್ಲ ಅನ್ನಿಸಿದರೆ ಅದನ್ನೇ ಹೇಳಿ.

ಮೂರು ವಿಷಯ ಆ ಮಾತುಕತೆಯಲ್ಲಿ ಇತ್ಯರ್ಥವಾದರೆ ಸಾಕು. ಮೊದಲನೆಯದು ದಿನ. ಯಾವ ವಾರ ಹೋಗುವುದು, ಯಾವ ವಾರ ಇಲ್ಲ ಅನ್ನುವುದು ಭಾನುವಾರವೇ ಗೊತ್ತಾಗಲಿ. ಗೆಳೆಯ ಶುಕ್ರವಾರ ಫೋನ್ ಮಾಡಿದಾಗ ನಿಮ್ಮ ಗಂಡನ ಬಳಿ ಆಗಲೇ ಒಂದು ಉತ್ತರ ಇರುತ್ತದೆ, ನಿಮ್ಮ ಮುಖ ನೋಡುವ ಅಗತ್ಯ ಬೀಳುವುದಿಲ್ಲ. ವಾರದ ಮಧ್ಯದ ಕೂಟದ ಬಗ್ಗೆ ನಾನಾದರೆ ಗಟ್ಟಿಯಾಗಿ ಕೇಳುತ್ತಿದ್ದೆ, ಮಾರನೇ ದಿನ ಇಬ್ಬರಿಗೂ ಕೆಲಸ ಇರುತ್ತದೆ.

ಎರಡನೆಯದು ನಿಜವಾದ ಸಮಯ. ಹನ್ನೊಂದು ಅನ್ನುವ ಚಂದದ ಸುಳ್ಳಿಗಿಂತ ಹನ್ನೆರಡೂವರೆ ಅನ್ನುವ ಸತ್ಯ ವಾಸಿ. ಕೂಟ ಏಳೂವರೆಗೆ ಶುರುವಾದರೆ ಹನ್ನೊಂದು ಸಾಧ್ಯ, ಒಂಬತ್ತೂವರೆಗಾದರೆ ಇಲ್ಲ. ಅರ್ಧ ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಅವರೇ ಒಂದು ಮೆಸೇಜ್ ಹಾಕಬೇಕು. ಬದಲಿಗೆ ನೀವು ಫೋನ್ ಮಾಡುವುದಿಲ್ಲ. ಇದು ಕೊಡು-ಕೊಳ್ಳುವ ಒಪ್ಪಂದ, ಒಬ್ಬರು ಮಾತ್ರ ಪಾಲಿಸಿದರೆ ನಿಲ್ಲುವುದಿಲ್ಲ. ಹೋಗುವುದು ಬರುವುದು ಕ್ಯಾಬ್ ಅಥವಾ ಆಟೋದಲ್ಲಿ, ಆಗ ಯಾವಾಗ ಏಳಬೇಕು ಅನ್ನುವುದು ಅವರ ಕೈಯಲ್ಲೇ ಇರುತ್ತದೆ. ಕುಡಿದು ಗಾಡಿ ಓಡಿಸುವುದು, ಕುಡಿದವರ ಗಾಡಿ ಹತ್ತುವುದು, ಎರಡರಲ್ಲೂ ಚೌಕಾಸಿ ಇಲ್ಲ. ನಮ್ಮಲ್ಲಿ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಎರಡು ಪೆಗ್ ಹಾಕಿದವರು ಅದನ್ನು ಆರಾಮಾಗಿ ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇದೊಂದು ವಿಷಯದಲ್ಲಿ ನೀವು ಹಟ ಹಿಡಿದರೆ ಅದನ್ನು ಬೆದರಿಕೆ ಅಂತ ಯಾರೂ ಅನ್ನಬಾರದು.

ಮೂರನೆಯದು ನಾನು ಮೊದಲು ಹೇಳಿದ್ದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಅವರು ಇನ್ನು ಮುಂದೆ ನಿಮ್ಮ ಹೆಸರು ಹೇಳಿ ಎದ್ದು ಬರಬಾರದು. 'ನಾನು ಹೊರಡ್ತೀನಿ ಕಣ್ರೋ, ಸಾಕು ಇವತ್ತಿಗೆ' ಅನ್ನಬೇಕು. ಕೇಳಲು ಚಿಕ್ಕದು, ಮಾಡಲು ಕಷ್ಟ. ಆ ಗುಂಪಿನಲ್ಲಿ ಮೊದಲು ಏಳುವವನಿಗೆ ಯಾವತ್ತೂ ಏನೋ ಒಂದು ಹೆಸರು ಬೀಳುತ್ತದೆ, ಇಲ್ಲಿಯವರೆಗೆ ಆ ಹೆಸರನ್ನು ನೀವು ಹೊತ್ತುಕೊಂಡಿದ್ದೀರಿ. ಹಾಗೆಯೇ ಮನೆಗೆ ಬಂದಾಗ 'ಅವರು ಬಿಡಲಿಲ್ಲ' ಬೇಡ, 'ನನಗೇ ಏಳೋಕೆ ಮನಸ್ಸಾಗಲಿಲ್ಲ' ಅನ್ನಲಿ. ಆ ಮಾತು ಕೇಳಿದಾಗ ನಿಮಗೆ ನೋವಾಗುತ್ತದೆ, ಅದಕ್ಕೆ ತಯಾರಿರಿ. ನಿಜ ಹೇಳಿದ ದಿನವೇ ಕೂಗಾಡಿದರೆ ಮರುದಿನದಿಂದ ಮತ್ತೆ 'ಅವರು ಬಿಡಲಿಲ್ಲ' ವಾಪಸ್ ಬರುತ್ತದೆ.

ಗೆಳೆಯರ ಜೊತೆ ನಿಮ್ಮದೇ ಒಂದು ಪರಿಚಯ ಬೆಳೆಸಿಕೊಳ್ಳುವುದು ಇನ್ನೊಂದು ದಾರಿ. ಇಲ್ಲಿ ಹೆಚ್ಚಿನವರು ಮಾಡುವುದು ನಾಲ್ಕೂ ಜನರನ್ನು ಊಟಕ್ಕೆ ಕರೆಯುವುದು. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ನಾಲ್ಕು ಜನ ಸೇರಿದರೆ ಅದೇ ಗುಂಪು, ಅದೇ ಹಾಸ್ಟೆಲ್ ಕತೆ, ಜಾಗ ಮಾತ್ರ ನಿಮ್ಮ ಹಾಲ್. ನೀವು ಅಡುಗೆಮನೆಯಲ್ಲಿ ಬಿರಿಯಾನಿ ಬಿಸಿ ಮಾಡುತ್ತಾ, ಪ್ಲೇಟು ಒಯ್ಯುತ್ತಾ ಇರುತ್ತೀರಿ, ಹನ್ನೆರಡಾದರೂ ಅವರು ಏಳುವುದಿಲ್ಲ. ಬದಲಿಗೆ ಒಬ್ಬರನ್ನು ಆರಿಸಿ, ನಾಲ್ವರಲ್ಲಿ ನಿಮಗೆ ಕಮ್ಮಿ ಕಿರಿಕಿರಿ ಅನ್ನಿಸುವವರನ್ನು. ಮದುವೆಯಾದವರಾದರೆ ಅವರ ಹೆಂಡತಿಯನ್ನೂ ಕರೆಯಿರಿ. ಶನಿವಾರ ಬೆಳಿಗ್ಗೆ ದೋಸೆಗೆ, ಹೋಟೆಲಿನಲ್ಲಿ, ಒಂದು ಗಂಟೆ ಅಷ್ಟೇ. ಗುಂಪಿನಿಂದ ಹೊರಗೆ ಬಂದ ಗಂಡಸು ಬಹಳ ಸಲ ಬೇರೆಯೇ ಮನುಷ್ಯನಾಗಿರುತ್ತಾನೆ. ಅವರನ್ನು ನಿಮ್ಮ ಗಂಡನ ಬಗ್ಗೆ ಕೇಳಿ, ಅವರಿಗೆ ಗೊತ್ತಿರುವ, ನಿಮಗೆ ಗೊತ್ತಿಲ್ಲದ ಆ ಹಳೆಯ ಹುಡುಗನ ಬಗ್ಗೆ. ಮುಂದಿನ ಸಲ ಗುಂಪಿನಲ್ಲಿ 'ಹೈಕಮಾಂಡ್' ಅಂತ ಯಾರಾದರೂ ಅಂದಾಗ ಅವರು ನಗದೆ ಇದ್ದರೂ ಸಾಕು. ಇದರಲ್ಲಿ ಅಪಾಯವೂ ಇದೆ. ಆ ಗೆಳೆಯನನ್ನು ನಿಮ್ಮ ಗೂಢಚಾರ ಮಾಡಿಕೊಳ್ಳಬೇಡಿ. 'ನಿನ್ನೆ ಎಷ್ಟು ಹೊತ್ತಿಗೆ ಮುಗೀತು' ಅಂತ ಅವರಿಗೆ ಮೆಸೇಜ್ ಹಾಕಿದ ದಿನ ಇದೆಲ್ಲ ಕೆಟ್ಟಿತು ಅಂತಲೇ ತಿಳಿಯಿರಿ.

ಗೆಳೆಯರಿಗೆ ನೀವೇ ಫೋನ್ ಮಾಡಿ 'ನಮ್ಮ ಸಂಸಾರ ಹಾಳು ಮಾಡಬೇಡಿ' ಅಂತ ಹೇಳುವುದನ್ನು ಕೈಬಿಡಿ. ಅದು ಆ ರಾತ್ರಿಯೇ ಗ್ರೂಪಿನಲ್ಲಿ ಓಡಾಡುತ್ತದೆ, ನಿಮ್ಮ ಗಂಡನ ತಲೆ ತಗ್ಗುತ್ತದೆ, ಆ ಸಿಟ್ಟು ನಿಮ್ಮ ಮೇಲೇ ಬರುತ್ತದೆ.

ಎದುರಿಗೇ ಚುಚ್ಚಿದಾಗ ಏನು ಮಾಡಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಂಡಿರಿ. ಗೆಳೆಯರ ಜೊತೆ ಕುಸ್ತಿ ಬೇಡ. 'ಲೇ, ಅದು ಬೇಡ ಬಿಡೋ' ಅಂತ ಅಲ್ಲೇ, ಆಗಲೇ, ನಿಮ್ಮ ಗಂಡ ಹೇಳಬೇಕು. ಮನೆಗೆ ಬಂದ ಮೇಲೆ 'ಅವನು ಹಾಗೇ, ಮನಸ್ಸಿಗೆ ಹಚ್ಕೋಬೇಡ' ಅನ್ನುವುದರಿಂದ ಪ್ರಯೋಜನವಿಲ್ಲ. ಅದು ಗೆಳೆಯನ ಕಿವಿಗೆ ಬೀಳುವುದೇ ಇಲ್ಲ. ಆತ ತಮಾಷೆ ಮಾಡಿದ, ಗಂಡನೂ ನಕ್ಕ, ಅಂದರೆ ಪರವಾಗಿಲ್ಲ ಅಂತಲೇ ಅವನಿಗೆ ಅರ್ಥವಾಗುವುದು. ನಿಮ್ಮ ಪಾಲಿಗೆ ಬಂದರೆ, ನಗುತ್ತಲೇ 'ಹೈಕಮಾಂಡ್ ಅಲ್ಲಪ್ಪ, ನನಗೊಂದು ಹೆಸರಿದೆ' ಅಂದು ಮುಂದೆ ಹೋಗಿ. ಅಷ್ಟು ಸಾಕು.

ಮೊದಲು ಹೇಳಿದ ಜೋಡಿಗೆ ಏನಾಯಿತು ಅಂತ ಕೇಳುತ್ತೀರಿ. ಆ ಗಂಡ 'ನಾನೇ ಹೊರಡ್ತೀನಿ' ಅಂತ ಹೇಳಲು ಶುರು ಮಾಡಿದ ಮೊದಲ ತಿಂಗಳು ಗೇಲಿ ಜಾಸ್ತಿಯೇ ಆಯಿತು. 'ಏನ್ ಗುರು, ಟ್ರೈನಿಂಗ್ ಕೊಟ್ಟಿದ್ದಾರೆ ಮನೇಲಿ' ಅಂದರಂತೆ. ಎರಡು ಸಲ ಅವರು ಹಳೆಯ ನೆಪಕ್ಕೇ ಜಾರಿದರು, ಒಂದು ಸಲ ಮೆಸೇಜ್ ಹಾಕದೆ ಒಂದೂಮುಕ್ಕಾಲಿಗೆ ಬಂದರು. ಹೆಂಡತಿ ಬಾಗಿಲಲ್ಲಿ ಜಗಳ ಆಡದೆ ಭಾನುವಾರದವರೆಗೆ ಕಾದರು. ಅದು ಅವರಿಗೆ ಎಷ್ಟು ಕಷ್ಟವಾಯಿತು ಅನ್ನುವುದು ನನಗೆ ಗೊತ್ತು. ಕೆಲವು ತಿಂಗಳ ಮೇಲೆ ಗೆಳೆಯರಲ್ಲಿ ಇಬ್ಬರು ಹತ್ತಿರವಾದರು. ಒಬ್ಬ ಈಗಲೂ ಆಕೆಯನ್ನು ಕಂಡರೆ ಮುಖ ತಿರುಗಿಸುತ್ತಾನೆ, ಆಕೆಯೂ ಅವನನ್ನು ಇಷ್ಟಪಡುವ ಪ್ರಯತ್ನ ಬಿಟ್ಟಿದ್ದಾರೆ. ವರ್ಷಕ್ಕೆ ಎರಡು ಸಲ ಮದುವೆ ಮುಂಜಿಯಲ್ಲಿ ಸಿಗುತ್ತಾರೆ, ನಮಸ್ಕಾರ ಅಂತಾರೆ. ಗಂಡನ ಎಲ್ಲ ಗೆಳೆಯರೂ ನಿಮ್ಮ ಗೆಳೆಯರಾಗಬೇಕು ಅಂತ ಯಾವ ಕಾನೂನೂ ಇಲ್ಲ.

ಕೊನೆಯದಾಗಿ, ಇದೆಲ್ಲ ಕೆಲಸ ಮಾಡದ ಕೆಲವು ಸಂದರ್ಭಗಳಿವೆ. ಗೆಳೆಯರು ಇಲ್ಲದ ದಿನವೂ ಕುಡಿಯುತ್ತಿದ್ದರೆ, ಎರಡು ಅಂತ ಹೋಗಿ ಪ್ರತಿ ಸಲ ಆರು ಮಾಡಿಕೊಂಡು ಬರುತ್ತಿದ್ದರೆ, ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕುವುದು ಶುರುವಾಗಿದ್ದರೆ, ಸಮಸ್ಯೆ ಗೆಳೆಯರದಲ್ಲ, ಕುಡಿತದ್ದು. ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಕೂಟ ಅಂದರೆ ಇಸ್ಪೀಟು, ಬೆಟ್ಟಿಂಗು ಆಗಿದ್ದು, ಅಕೌಂಟಿನಿಂದ ಲೆಕ್ಕವಿಲ್ಲದೆ ಹಣ ಹೋಗುತ್ತಿದ್ದರೂ ಹಾಗೆಯೇ. ಇಂಥದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ವಿಷಯ ಎತ್ತಿದಾಗ ಅವರು ವಸ್ತು ಎಸೆಯುವುದು, ಕೈ ಎತ್ತುವುದು ಮಾಡಿದರೆ, ಅಥವಾ ಏನಾದರೂ ಮಾಡಿಬಿಡುತ್ತಾರೆ ಅನ್ನುವ ಭಯ ನಿಮಗಿದ್ದರೆ, ಭಾನುವಾರದ ಮಾತುಕತೆಯ ಸಲಹೆ ನಿಮಗಲ್ಲ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ, ಅಕ್ಕನಿಗೂ ಹೇಳಿ. ನಿಮ್ಮ ಪತ್ರದಲ್ಲಿ ಅಂಥ ಸುಳಿವೇನೂ ನನಗೆ ಕಾಣಲಿಲ್ಲ. ಆದರೂ ಇದನ್ನು ಓದುವ ಬೇರೆಯವರಿಗೆ ಬೇಕಾಗಬಹುದು.

ನಿಮ್ಮ ಗಂಡ ಮಾತುಕತೆಗೇ ಕೂರದಿದ್ದರೆ ಆಪ್ತಸಮಾಲೋಚಕರ ಬಳಿ ನೀವೊಬ್ಬರೇ ಹೋಗಬಹುದು. ಇಬ್ಬರೂ ಬಂದರೆ ಮಾತ್ರ ಅನ್ನುವ ನಿಯಮವೇನೂ ಇಲ್ಲ. ಹೋಗುವಾಗ ಕಳೆದ ಎರಡು ಮೂರು ಶುಕ್ರವಾರಗಳು ಹೇಗೆ ನಡೆದವು ಅಂತ ಬರೆದುಕೊಂಡು ಹೋಗಿ. ಯಾರು ಯಾವಾಗ ಫೋನ್ ಮಾಡಿದರು, ಏನು ಹೇಳಿ ಹೋದರು, ಎಷ್ಟು ಹೊತ್ತಿಗೆ ಬಂದರು, ಬಂದ ಮೇಲೆ ಮೊದಲ ಮಾತು ಯಾರು ಆಡಿದರು. ಅಷ್ಟು ವಿವರ ಕೈಯಲ್ಲಿದ್ದರೆ ಮೊದಲ ದಿನವೇ ಕೆಲಸ ಶುರು ಮಾಡಬಹುದು.